ಒಪಿಜಿಯಲ್ಲಿ 16 ಮಿ.ಮೀ., ಸಿಬಿಸಿಟಿಯಲ್ಲಿ 12.6, ಡಾಕ್ಟರ್ ಹೇಳ್ತಿರೋದು 8 ಮಿ.ಮೀ. ಇಂಪ್ಲಾಂಟ್. ಅಮ್ಮನ ಮೂಳೆ ಎಲ್ಲಿ ಹೋಯ್ತು?

ಪಿಜೆ ಬಡಾವಣೆ ಮಗಳು

ಎಲ್ಲರಿಗೂ ನಮಸ್ಕಾರ. ದಾವಣಗೆರೆಯವಳು. ಅಮ್ಮನಿಗೆ 58 ವರ್ಷ. ಎಡಗಡೆ ಕೆಳಗಿನ ಮೊದಲ ದವಡೆ ಹಲ್ಲು ಕೀಳಿಸಿ ತುಂಬಾ ವರ್ಷ ಆಗಿದೆ, ಅಲ್ಲಿ ಈಗ ಇಂಪ್ಲಾಂಟ್ ಹಾಕಿಸಬೇಕು ಅಂತಿದ್ದೇವೆ. ಮೊದಲು ತೋರಿಸಿದ ಕಡೆ ಒಪಿಜಿ, ಅಂದರೆ ಇಡೀ ದವಡೆಯ ಎಕ್ಸ್‌ರೇ ತೆಗೆಸಿದರು. ಆ ಫಿಲಂ ಮೇಲೆ ಸ್ಕೇಲ್ ಇಟ್ಟು "ನರದ ತನಕ 16 ಮಿ.ಮೀ. ಇದೆ, ಧಾರಾಳ, 12ರದ್ದು ಹಾಕೋಣ" ಅಂದರು. ಅಮ್ಮನಿಗೆ ಸಮಾಧಾನ ಆಗಲಿಲ್ಲ, ಇನ್ನೊಬ್ಬರಿಗೆ ತೋರಿಸಿದೆವು. ಅವರು ಸಿಬಿಸಿಟಿ ಅನ್ನೋ ದವಡೆಯ 3ಡಿ ಸ್ಕ್ಯಾನ್ ಇಲ್ಲದೆ ಮುಟ್ಟುವುದೇ ಇಲ್ಲ ಅಂದರು. ಮಾಡಿಸಿದೆವು.

ರಿಪೋರ್ಟಿನಲ್ಲಿ ಹೀಗಿದೆ: 36ರ ಜಾಗ, ಅಂದರೆ ಆ ಕೀಳಿಸಿದ ಹಲ್ಲಿನ ಜಾಗ, ಮೂಳೆಯ ಎತ್ತರ 12.6 ಮಿ.ಮೀ., ಅಗಲ ಮೇಲ್ತುದಿಯಲ್ಲಿ 3.2, ಅಲ್ಲಿಂದ 2.5 ಮಿ.ಮೀ. ಕೆಳಗೆ 6.2. ಇದನ್ನು ನೋಡಿ ಡಾಕ್ಟರ್ "8 ಮಿ.ಮೀ. ಇಂಪ್ಲಾಂಟ್, ಅದಕ್ಕಿಂತ ಉದ್ದ ಬೇಡ" ಅಂದರು. ಕ್ಲಿನಿಕ್ಕಿನಲ್ಲಿ ಜನ ತುಂಬಿದ್ದರು, ಬಿಡಿಸಿ ಕೇಳೋಕೆ ಆಗಲಿಲ್ಲ. ಅಮ್ಮ ಮನೆಗೆ ಬಂದಾಗಿನಿಂದ ಒಂದೇ ಮಾತು, 16 ಇದ್ದದ್ದು 8 ಹೇಗಾಯ್ತು, ಇಷ್ಟು ಬೇಗ ಮೂಳೆ ಕರಗಿಬಿಡ್ತಾ ಅಂತ. ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ.

ಹರಿಹರದ ಮೇಷ್ಟ್ರು

ನೋಡಮ್ಮ, ನಾನು ಎರಡು ಇಂಪ್ಲಾಂಟ್ ಹಾಕಿಸಿಕೊಂಡವನು, ಲೆಕ್ಕ ನನಗೆ ಗೊತ್ತು. ನರದ ಮೇಲೆ 2 ಮಿ.ಮೀ. ಬಿಡಬೇಕು, ಅಷ್ಟೇ ನಿಯಮ. 12.6ರಲ್ಲಿ 2 ಕಳೆದರೆ 10.6. ಹಾಗಾದರೆ 10ರದ್ದು ಆರಾಮಾಗಿ ಕೂರುತ್ತೆ. 8 ಅಂದಿದ್ದು ಡಾಕ್ಟರ ಅತಿ ಎಚ್ಚರಿಕೆ ಅನಿಸುತ್ತೆ. ದವಡೆ ಹಲ್ಲು ಅಗಿಯೋ ಹಲ್ಲು, ಉದ್ದ ಇದ್ದಷ್ಟೂ ಗಟ್ಟಿ. ಆದರೆ ನರಕ್ಕೆ ತಾಗಿಸಿಕೊಳ್ಳಬೇಡಿ, ತಾಗಿದರೆ ಬಾಯಿ ಸೊಟ್ಟಗಾಗುತ್ತೆ.

ಸ್ಕ್ಯಾನ್ ರೂಮ್

ಬಾಯಿ ಮತ್ತು ದವಡೆಯ ರೇಡಿಯಾಲಜಿ ನನ್ನ ಕೆಲಸ, ದಿನಾ ಇಂಥ ಸ್ಕ್ಯಾನ್ ನೋಡುತ್ತೇನೆ. ಅಮ್ಮನವರಿಗೆ ಮೊದಲು ಹೇಳಿ, ಮೂಳೆ ಎಲ್ಲೂ ಹೋಗಿಲ್ಲ. 16 ಅನ್ನೋದು ಯಾವತ್ತೂ ಇರಲೇ ಇಲ್ಲ.

ಒಪಿಜಿ ಯಂತ್ರ ಮುಖದ ಸುತ್ತ ತಿರುಗುತ್ತಾ ಬಾಗಿದ ದವಡೆಯನ್ನು ಚಪ್ಪಟೆಯಾಗಿ ಹರಡಿ ತೋರಿಸುತ್ತೆ. ಹಾಗೆ ಮಾಡುವಾಗ ಚಿತ್ರ ನಿಜಕ್ಕಿಂತ ದೊಡ್ಡದಾಗುತ್ತೆ. ಸಾಮಾನ್ಯವಾಗಿ ಶೇ. 20ರಿಂದ 30ರಷ್ಟು, ಯಂತ್ರದ ಮೇಲೆ ಮತ್ತು ತಲೆ ನಿಂತ ರೀತಿಯ ಮೇಲೆ ಇನ್ನೂ ವ್ಯತ್ಯಾಸ ಆಗುತ್ತೆ. ಅಮ್ಮನವರ ಚಿತ್ರ ಶೇ. 25 ದೊಡ್ಡದಾಗಿತ್ತು ಅಂತ ಇಟ್ಟುಕೊಳ್ಳಿ. 16ನ್ನು 1.25ರಿಂದ ಭಾಗಿಸಿದರೆ 12.8. ಸಿಬಿಸಿಟಿ ಹೇಳಿದ 12.6ಕ್ಕೆ ಹತ್ತಿರವೇ ಬಂತಲ್ವಾ? ಎರಡೂ ಚಿತ್ರ ಒಂದೇ ದವಡೆಯದ್ದೇ. ಒಂದನ್ನು ಸ್ಕೇಲ್ ಇಟ್ಟು ನೇರವಾಗಿ ಓದಿದ್ದಾರೆ, ಓದಬಾರದಿತ್ತು.

ಈಗ 12.6ರಿಂದ 8ಕ್ಕೆ ಬರೋಣ. ಮೇಷ್ಟ್ರು ಹೇಳಿದ 2 ಮಿ.ಮೀ. ಸರಿ. ಆದರೆ ಕಳೆಯೋಕೆ ಮುಂಚೆ ಇನ್ನೊಂದು ವಿಷಯ ನೋಡಬೇಕು, ಅದು ಅಗಲ. ಹಲ್ಲು ಹೋದ ಮೇಲೆ ಮೂಳೆ ಮೊದಲು ಸವೆಯೋದು ಕೆನ್ನೆ ಕಡೆಯಿಂದ. ಮೇಲ್ತುದಿ ಚೂಪಾಗುತ್ತೆ. 3.2 ಮಿ.ಮೀ. ಅಗಲದ ಏಣಿನಲ್ಲಿ 4 ಮಿ.ಮೀ. ದಪ್ಪದ ಇಂಪ್ಲಾಂಟ್ ಹೇಗೆ ಕೂರಿಸ್ತೀರಿ? ಇಂಪ್ಲಾಂಟಿನ ಎರಡೂ ಪಕ್ಕ ಕನಿಷ್ಠ 1 ಮಿ.ಮೀ. ಮೂಳೆ ಬೇಕು, ಒಂದೂವರೆ ಇದ್ದರೆ ಒಳ್ಳೇದು. ಅಂದರೆ 4ರದ್ದಕ್ಕೆ 6ರಿಂದ 7 ಮಿ.ಮೀ. ಅಗಲ. ಆ ಅಗಲ ಸಿಗೋದು ತುದಿಯಿಂದ 2.5 ಮಿ.ಮೀ. ಕೆಳಗೆ ಇಳಿದ ಮೇಲೆ, 6.2. ರಿಪೋರ್ಟ್ ಬರೆದವರು ಆ ಎರಡು ಅಳತೆ ಕೊಟ್ಟಿರೋದು ಇದಕ್ಕೇ.

ಹಾಗಾಗಿ ಆ ಚೂಪು ತುದಿಯನ್ನು ಲೆಕ್ಕಕ್ಕೆ ಹಿಡಿಯೋ ಹಾಗಿಲ್ಲ. 12.6ರಲ್ಲಿ 2.5 ಕಳೆದರೆ 10.1. ಅದರಲ್ಲಿ ನರದ ಮೇಲಿನ 2 ಬಿಟ್ಟರೆ 8.1. ನಿಮ್ಮ ಡಾಕ್ಟರ್ 8 ಅಂದಿದ್ದಾರೆ. ಲೆಕ್ಕ ಸರಿಯಾಗಿದೆ.

ಕೋಟೆ ಊರಿನವನು

ನನ್ನದು ಚಿತ್ರದುರ್ಗ. ನನಗೂ ಇದೇ ಆಯ್ತು. ಮೂಳೆ 4 ಮಿ.ಮೀ. ಮಾತ್ರ ಇತ್ತು, ಆದರೂ ಹಾಕಿದರು. ಸೈನಸ್ ಎತ್ತಿ ಕೆಳಗೆ ಮೂಳೆ ಪುಡಿ ತುಂಬಿ ಆರು ತಿಂಗಳು ಬಿಟ್ಟು ಇಂಪ್ಲಾಂಟ್ ಹಾಕಿದ್ದು. ಈಗ ಮಿರ್ಚಿ ಮಂಡಕ್ಕಿ ಎಲ್ಲಾ ತಿನ್ತೀನಿ, ಏನೂ ತೊಂದರೆ ಇಲ್ಲ. ನಿಮ್ಮ ಅಮ್ಮನಿಗೂ ಸೈನಸ್ ಲಿಫ್ಟ್ ಮಾಡಿದರೆ ಉದ್ದದ್ದೇ ಹಾಕಬಹುದಲ್ವಾ? ಯಾಕೆ ಅದನ್ನ ಯಾರೂ ಹೇಳ್ತಾ ಇಲ್ಲ?

ಸ್ಕ್ಯಾನ್ ರೂಮ್

ಅಣ್ಣ, ನಿಮ್ಮದು ಮೇಲಿನ ದವಡೆ. ಅಲ್ಲಿ ಮೂಳೆಯ ಮೇಲೆ ಇರೋದು ಗಾಳಿ ತುಂಬಿದ ಸೈನಸ್, ಅದರ ತೆಳು ಪೊರೆಯನ್ನು ಎತ್ತಿ ಜಾಗ ಮಾಡಬಹುದು. ಕೆಳದವಡೆಯಲ್ಲಿ ಕೆಳಗಡೆ ಇರೋದು ನರ ಮತ್ತು ರಕ್ತನಾಳ ಹೋಗೋ ಕಾಲುವೆ. ಅದನ್ನು ಎತ್ತೋಕಾಗಲ್ಲ. ನರವನ್ನೇ ಪಕ್ಕಕ್ಕೆ ಸರಿಸೋ ಆಪರೇಷನ್ ಇದೆ, ಆದರೆ ಅದರಲ್ಲಿ ತುಟಿ ಮರಗಟ್ಟೋ ಸಾಧ್ಯತೆ ಜಾಸ್ತಿ. ಒಂದು ಹಲ್ಲಿಗಾಗಿ ಯಾರೂ ಆ ದಾರಿಗೆ ಹೋಗಲ್ಲ.

ಹೊಳಲ್ಕೆರೆ ದಂತವೈದ್ಯೆ

ಕ್ಲಿನಿಕ್ ನಡೆಸುವವಳಾಗಿ ಒಂದೆರಡು ಮಾತು. ಒಪಿಜಿ ಬಗ್ಗೆ ಹೇಳಿದ್ದು ಒಪ್ಪುತ್ತೇನೆ, ಆದರೆ ಒಪಿಜಿಯಲ್ಲೂ ಅಳೆಯೋ ದಾರಿ ಇದೆ. ಹಲ್ಲಿಲ್ಲದ ಜಾಗದಲ್ಲಿ 5 ಮಿ.ಮೀ.ನ ಸ್ಟೀಲ್ ಗುಂಡನ್ನು ಮೇಣದಲ್ಲಿ ಕೂರಿಸಿ ಚಿತ್ರ ತೆಗೀತೀವಿ. ಗುಂಡು ಚಿತ್ರದಲ್ಲಿ 6.25 ಬಂದರೆ ಎಷ್ಟು ದೊಡ್ಡದಾಗಿದೆ ಅಂತ ಅಲ್ಲೇ ಗೊತ್ತಾಯ್ತು. ಆದರೆ ಅಗಲ ಅದರಲ್ಲಿ ಕಾಣಲ್ಲ. ಅಮ್ಮನವರ ವಿಷಯದಲ್ಲಿ ಇಡೀ ತೊಂದರೆ ಇರೋದೇ ಅಗಲದಲ್ಲಿ, ಹಾಗಾಗಿ ಗುಂಡು ಇಟ್ಟಿದ್ದರೂ 12 ಬದಲು 10ರದ್ದು ಹಾಕೋಣ ಅಂತಿದ್ದರು, ಅಷ್ಟೇ.

ಇನ್ನೊಂದು. 2 ಮಿ.ಮೀ. ಯಾಕೆ ಬಿಡ್ತೀವಿ ಅನ್ನೋದು ಪೇಷಂಟುಗಳಿಗೆ ಯಾರೂ ಹೇಳಲ್ಲ. ಅದು ಸುಮ್ನೆ ಭಯಕ್ಕೆ ಬಿಟ್ಟ ಜಾಗ ಅಲ್ಲ. ಡ್ರಿಲ್ಲಿನ ಮೂತಿ ಚೂಪಾಗಿರುತ್ತೆ. ಡ್ರಿಲ್ ಮೇಲೆ 8 ಅಂತ ಗೆರೆ ಇದ್ದರೂ, ಆ ಮೂತಿ ಅದಕ್ಕಿಂತ ಸ್ವಲ್ಪ ಆಳಕ್ಕೆ ಹೋಗಿರುತ್ತೆ. ಕೆಲವು ಕಂಪನಿಗಳಲ್ಲಿ ಅರ್ಧ ಮಿ.ಮೀ., ಕೆಲವರದ್ದು ಒಂದಕ್ಕಿಂತ ಜಾಸ್ತಿ. ಅದರ ಮೇಲೆ ಸ್ಕ್ಯಾನ್ ಅಳತೆಯಲ್ಲೇ ಅರ್ಧ ಮಿ.ಮೀ. ಆಚೀಚೆ ಆಗಬಹುದು. ನನ್ನ ಕೈ ಒಂಚೂರು ಜಾರಬಹುದು. ಈ ಮೂರೂ ಸೇರಿ ಆ 2 ಮಿ.ಮೀ.ನ ತಿಂದುಬಿಡುತ್ತೆ. ಅದಕ್ಕೇ 8.1 ಇರೋ ಕಡೆ 8ರದ್ದು ಅಂದರೆ ನನಗೆ ಬಿಗಿ ಅನಿಸುತ್ತೆ. ಡ್ರಿಲ್ ಗುರುತಿಗಿಂತ ಆಳಕ್ಕೆ ಇಳಿಯದ ಹಾಗೆ ಅದಕ್ಕೆ ಸ್ಟಾಪರ್ ಹಾಕಿ ಮಾಡ್ತಾರಾ ಅಂತ ಕೇಳಿ.

ಉದ್ದ ಇದ್ದಷ್ಟೂ ಗಟ್ಟಿ ಅನ್ನೋ ಮಾತಿಗೆ: ಅಗಿಯುವಾಗ ಜಾಸ್ತಿ ಒತ್ತಡ ಬೀಳೋದು ಮೇಲಿನ ಕೆಲವು ಮಿ.ಮೀ. ಮೂಳೆ ಮೇಲೆ. ಕೆಳದವಡೆ ಮೂಳೆ ಗಟ್ಟಿ. ಅಲ್ಲಿ 8ರದ್ದು ಈಗ ಮಾಮೂಲಿ, 6ರದ್ದೂ ಹಾಕ್ತೀವಿ. ಮೇಷ್ಟ್ರೇ, ತುದಿ ತೆಳ್ಳಗಿರೋ ಮೂಳೆಯಲ್ಲಿ 10 ಮಿ.ಮೀ.ದನ್ನು ತುರುಕಿದರೆ ಕೆನ್ನೆ ಕಡೆ ಮೂಳೆ ಸೀಳಿ ಇಂಪ್ಲಾಂಟಿನ ಸುರುಳಿ ಹೊರಗೆ ಕಾಣುತ್ತೆ.

ಪಿಜೆ ಬಡಾವಣೆ ಮಗಳು

ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್. ಅಮ್ಮನಿಗೆ ಓದಿ ಹೇಳಿದೆ, ಮೂಳೆ ಕರಗಿಲ್ಲ ಅಂತ ಗೊತ್ತಾಗಿ ಜೀವ ಬಂತು.

ಇನ್ನೊಂದು ಕೇಳ್ತೀನಿ. ಕೊಟ್ಟಿರೋ ಶೀಟಿನಲ್ಲಿ ದವಡೆಯ ಉದ್ದಕ್ಕೂ ಒಂದು ಕಿತ್ತಳೆ ಬಣ್ಣದ ಗೆರೆ ಇದೆ, ಚಿಕ್ಕ ಚಿಕ್ಕ ಚೌಕಗಳಲ್ಲಿ ಅದೇ ಕಿತ್ತಳೆ ಬಣ್ಣದ ಚುಕ್ಕೆ ಇದೆ. ಅದೇ ನರನಾ? ನೋಡಿದರೆ ಕಪ್ಪಗೆ ಕಾಣೋ ಕಾಲುವೆಯ ಸರಿಯಾಗಿ ನಡುವೆ ಇಲ್ಲ, ಒಂದೆರಡು ಚೌಕದಲ್ಲಿ ಪಕ್ಕಕ್ಕೆ ಹೋಗಿದೆ. ಎತ್ತರದ ಗೆರೆ ಎಳೆದಿರೋದು ಆ ಚುಕ್ಕೆಯ ನಡುವಿನ ತನಕ. ಚೌಕದ ಬದಿಯಲ್ಲಿ B ಮತ್ತು L ಅಂತ ಬೇರೆ ಬರೆದಿದೆ.

ಸ್ಕ್ಯಾನ್ ರೂಮ್

ಒಳ್ಳೆ ಪ್ರಶ್ನೆ ಕೇಳಿದಿರಿ ಮೇಡಂ. ಇದನ್ನು ಪೇಷಂಟ್ ಕಡೆಯವರು ಕೇಳೋದು ಅಪರೂಪ.

B ಅಂದರೆ ಕೆನ್ನೆ ಕಡೆ, L ಅಂದರೆ ನಾಲಿಗೆ ಕಡೆ. ಕಿತ್ತಳೆ ಗೆರೆ ನರ ಅಲ್ಲ. ಸ್ಕ್ಯಾನ್ ಮಾಡಿದವರು ಮೌಸ್ ಹಿಡಿದು ಒಂದೊಂದೇ ಚುಕ್ಕೆ ಇಟ್ಟು ಎಳೆದ ಗುರುತು ಅದು. ಅದರ ದಪ್ಪ ಕೂಡ ಸಾಫ್ಟ್‌ವೇರಿನಲ್ಲಿ ಯಾರೋ ಇಟ್ಟ ಸಂಖ್ಯೆ, ಕಾಲುವೆಯ ನಿಜವಾದ ದಪ್ಪ ಅಲ್ಲ. ಅದು ಪಕ್ಕಕ್ಕೆ ಸರಿದಿದ್ದರೆ ಅಳತೆಯೂ ತಪ್ಪಿರಬಹುದು. ನೋಡಬೇಕಾದ್ದು ಅದರ ಕೆಳಗಿನ ಬೂದು ಚಿತ್ರ. ಅಲ್ಲಿ ಕಾಲುವೆ ಕಪ್ಪು ಬೊಟ್ಟಿನ ಹಾಗೆ, ಸುತ್ತ ತೆಳ್ಳನೆ ಬಿಳಿ ಅಂಚಿನೊಂದಿಗೆ ಕಾಣುತ್ತೆ.

ಎಲ್ಲರಿಗೂ ಆ ಬಿಳಿ ಅಂಚು ಚೆನ್ನಾಗಿ ಕಾಣಲ್ಲ. ಕೆಲವರಲ್ಲಿ ಕಾಲುವೆಗೆ ಗೋಡೆಯೇ ಇಲ್ಲವೇನೋ ಅನ್ನೋ ಹಾಗೆ ಸುತ್ತಲಿನ ಮೂಳೆಯಲ್ಲಿ ಬೆರೆತುಹೋಗಿರುತ್ತೆ. ಆಗ ನಾವು ಎರಡು ತುದಿಯಿಂದ ಬರ್ತೀವಿ. ಹಿಂದೆ ದವಡೆಯ ಒಳಮೈಯಲ್ಲಿ ನರ ಮೂಳೆಯೊಳಗೆ ಹೋಗೋ ತೂತು, ಮುಂದೆ ಸಾಮಾನ್ಯವಾಗಿ ಎರಡನೇ ಚಿಕ್ಕ ದವಡೆ ಹಲ್ಲಿನ ಕೆಳಗೆ ಅದು ಹೊರಗೆ ಬರೋ ತೂತು. ಇವೆರಡು ಎಲ್ಲರಲ್ಲೂ ಸಿಗುತ್ತವೆ. ಒಂದರಿಂದ ಶುರು ಮಾಡಿ ಒಂದೊಂದೇ ಸ್ಲೈಸ್ ಮುಂದೆ ಹೋಗ್ತಾ ಇನ್ನೊಂದಕ್ಕೆ ಸೇರಿಸಬೇಕು. ಒಂದೇ ಒಂದು ಚೌಕ ನೋಡಿ ಇದೇ ಕಾಲುವೆ ಅನ್ನೋದು ತಪ್ಪು, ಮೂಳೆಯೊಳಗಿನ ಮಾಮೂಲಿ ಪೊಳ್ಳು ಕೂಡ ಹಾಗೇ ಕಾಣುತ್ತೆ.

ಅಳತೆ ಚುಕ್ಕೆಯ ನಡುವಿನ ತನಕ ಎಳೆದಿದ್ದರೆ ಅದನ್ನು ಕೇಳಲೇಬೇಕು. ಅಳೆಯಬೇಕಾದ್ದು ಕಾಲುವೆಯ ಮೇಲಂಚಿನ ತನಕ. ಕಾಲುವೆ ಹೆಚ್ಚುಕಮ್ಮಿ 2ರಿಂದ 3 ಮಿ.ಮೀ. ದಪ್ಪ. ನಡುವಿನ ತನಕ ಅಳೆದರೆ ಒಂದು, ಒಂದೂವರೆ ಮಿ.ಮೀ. ಇಲ್ಲದ ಮೂಳೆ ಲೆಕ್ಕಕ್ಕೆ ಬಂದುಬಿಡುತ್ತೆ. ನಿಮ್ಮಲ್ಲಿ ನರದ ಮೇಲೆ ಬಿಟ್ಟಿರೋದೇ 2 ಮಿ.ಮೀ. ಆದರೆ ಚುಕ್ಕೆಯೇ ಕಾಲುವೆಯ ಮೇಲಂಚಿನ ಹತ್ತಿರ ಕೂತಿದ್ದರೆ ಅಳತೆ ಸರಿ ಇರಲೂಬಹುದು, ಶೀಟ್ ನೋಡದೆ ಹೇಳೋಕಾಗಲ್ಲ.

ಇನ್ನೊಂದನ್ನೂ ಪರೀಕ್ಷಿಸಬೇಕು. ಸ್ಕ್ಯಾನ್ ಆಗುವಾಗ ಅಮ್ಮನವರ ಗದ್ದ ಮೇಲಕ್ಕೆದ್ದಿತ್ತಾ? ಸೌತೆಕಾಯಿಯನ್ನು ಓರೆಯಾಗಿ ಕೊಯ್ದರೆ ಬಿಲ್ಲೆ ಉದ್ದ ಬರುತ್ತಲ್ಲ, ದವಡೆಯನ್ನು ಓರೆಯಾಗಿ ಸೀಳಿದರೂ ಹಾಗೇ, ಎತ್ತರ ಜಾಸ್ತಿ ಬರುತ್ತೆ. 20 ಡಿಗ್ರಿ ಓರೆಯಾದರೆ 12.6 ಇರೋದು 13.4 ತೋರಿಸುತ್ತೆ. ಇದಕ್ಕೆ ಮತ್ತೆ ಸ್ಕ್ಯಾನ್ ಬೇಕಿಲ್ಲ. ಇಡೀ ದವಡೆಯ ಮಾಹಿತಿ ಫೈಲಿನಲ್ಲೇ ಇರುತ್ತೆ, ಸಾಫ್ಟ್‌ವೇರಿನಲ್ಲಿ ದವಡೆಯನ್ನು ನೇರ ಮಾಡಿ ಮತ್ತೆ ಸ್ಲೈಸ್ ಮಾಡಿದರಾಯ್ತು. ಅದಕ್ಕೇ ಶೀಟ್ ಜೊತೆ ಡೈಕಾಮ್ ಅನ್ನೋ ಆ ಸ್ಕ್ಯಾನ್ ಫೈಲನ್ನು ಪೆನ್‌ಡ್ರೈವಿನಲ್ಲಿ ಕೇಳಿ ತಗೊಳ್ಳಿ. ಶೀಟಿನ ಮೇಲೆ ನೀವು ಸ್ಕೇಲ್ ಇಡೋದಾದರೆ ಮೊದಲು ಅದರ ಬದಿಯ ಅಳತೆಪಟ್ಟಿಯ ಮೇಲೆ ಇಟ್ಟು ನೋಡಿ. ಅದರಲ್ಲಿ 10 ಮಿ.ಮೀ. ಅಂತ ಇರೋದು ನಿಮ್ಮ ಸ್ಕೇಲಿನಲ್ಲಿ 10 ಬರದಿದ್ದರೆ ಪ್ರಿಂಟರ್ ಕಾಗದಕ್ಕೆ ಹೊಂದಿಸೋಕೆ ಹಿಗ್ಗಿಸಿದೆ ಅಥವಾ ಕುಗ್ಗಿಸಿದೆ ಅಂತ ಅರ್ಥ.

ಹರಿಹರದ ಮೇಷ್ಟ್ರು

ಅಗಲದ ವಿಷಯ ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ, ನನ್ನ ದವಡೆ ಅಗಲವಾಗಿತ್ತು ಅಂತ ಕಾಣುತ್ತೆ. ಒಂದು ಅನುಮಾನ. ನನ್ನ ರಿಪೋರ್ಟಿನಲ್ಲಿ ಮೂಳೆ ಸಾಂದ್ರತೆ ಅಂತ 850 ಅಂತ ಏನೋ ನಂಬರ್ ಕೊಟ್ಟಿದ್ದರು, HU ಅಂತ. ಇವರಮ್ಮನಿಗೂ ಅದು ನೋಡಿ, ಜಾಸ್ತಿ ಇದ್ದರೆ ಗಟ್ಟಿ ಮೂಳೆ, ಚಿಕ್ಕ ಇಂಪ್ಲಾಂಟೂ ನಿಲ್ಲುತ್ತೆ ಅಂತ ಧೈರ್ಯವಾಗಿ ಹೇಳಬಹುದಲ್ಲವೇ?

ಸ್ಕ್ಯಾನ್ ರೂಮ್

ಆ ಸಂಖ್ಯೆ ಆಸ್ಪತ್ರೆಯ ದೊಡ್ಡ ಸಿಟಿ ಯಂತ್ರಕ್ಕೆ ಸೇರಿದ್ದು ಮೇಷ್ಟ್ರೇ. ಸಿಬಿಸಿಟಿಯ ಬೂದು ಬಣ್ಣ ಯಂತ್ರದಿಂದ ಯಂತ್ರಕ್ಕೆ ಬದಲಾಗುತ್ತೆ. ಅದೇ ಯಂತ್ರದಲ್ಲಿ ತಲೆ ಸ್ವಲ್ಪ ಬೇರೆ ಕಡೆ ಇದ್ದರೂ ಬದಲಾಗುತ್ತೆ. 850 ಅಂತ ಬರೆದಿದ್ದರೂ ಅದನ್ನು ಗಟ್ಟಿತನದ ಪ್ರಮಾಣಪತ್ರ ಅಂತ ತಗೊಳ್ಳಬೇಡಿ. ಹೊರಗಿನ ಗಟ್ಟಿ ಪದರ ಎಷ್ಟು ದಪ್ಪ, ಒಳಗಿನ ಜಾಲರಿ ಎಷ್ಟು ಒತ್ತಾಗಿದೆ ಅಂತ ಕಣ್ಣಲ್ಲಿ ನೋಡಿ ಅಂದಾಜು ಮಾಡಬಹುದು. ನಿಜ ಗೊತ್ತಾಗೋದು ಡ್ರಿಲ್ ಹಾಕುವಾಗ ಡಾಕ್ಟರ ಕೈಗೆ.

ಲೋಕಿಕೆರೆ ರಸ್ತೆ

ನನ್ನ ಕಥೆ ಹೇಳ್ತೀನಿ, ಎಲ್ಲಿ ಅಂತ ಹೇಳಲ್ಲ. ಕೆಳಗಿನ ಬಲ ದವಡೆಗೆ ಇಂಪ್ಲಾಂಟ್ ಹಾಕಿಸಿದೆ, ಸ್ಕ್ಯಾನ್ ಮಾಡಿಸಿರಲಿಲ್ಲ. ಮಾರನೇ ದಿನವೂ ಬಲಗಡೆ ಕೆಳತುಟಿ, ಗದ್ದ ಮರಗಟ್ಟಿದ ಹಾಗೇ ಇತ್ತು. ಫೋನ್ ಮಾಡಿದರೆ ಇಂಜೆಕ್ಷನ್ ಎಫೆಕ್ಟು, ಇಳಿಯುತ್ತೆ, ವಿಟಮಿನ್ ಮಾತ್ರೆ ತಗೊಳ್ಳಿ ಅಂದರು. ಸುಮಾರು ದಿನ ಕಾದೆ. ಈಗಲೂ ಗಡ್ಡ ಬೋಳಿಸುವಾಗ ಅಲ್ಲಿ ಬ್ಲೇಡ್ ತಾಗಿದ್ದೇ ಗೊತ್ತಾಗಲ್ಲ, ಬಿಸಿ ಕಾಫಿ ತುಟಿಗೆ ಸುಟ್ಟರೂ ಗೊತ್ತಾಗಲ್ಲ, ಕೆಲವು ಸಲ ಸುಮ್ನೆ ಚುಳ್ ಅನ್ನುತ್ತೆ. ಆದರೆ ಮೇಷ್ಟ್ರು ಹೇಳಿದ ಹಾಗೆ ಬಾಯಿ ಸೊಟ್ಟ ಆಗಿಲ್ಲ. ಹಾಗಾದರೆ ನನ್ನದು ನರದ ತೊಂದರೆ ಹೌದೋ ಅಲ್ಲವೋ?

ಹೊಳಲ್ಕೆರೆ ದಂತವೈದ್ಯೆ

ಹೌದು, ಅದೇ ನರದ್ದೇ ಇರಬೇಕು. ಅದು ಸ್ಪರ್ಶ ತಿಳಿಸೋ ನರ ಅಣ್ಣ. ಮುಖದ ಸ್ನಾಯು ಆಡಿಸೋದು ಬೇರೆ ನರ, ಅದು ಈ ಕಾಲುವೆಯಲ್ಲಿ ಬರಲ್ಲ. ಹಾಗಾಗಿ ಪೆಟ್ಟಾದರೆ ಬಾಯಿ ಸೊಟ್ಟ ಆಗಲ್ಲ, ಆ ಪಕ್ಕದ ಕೆಳತುಟಿ ಮತ್ತು ಗದ್ದದ ಚರ್ಮಕ್ಕೆ ಸ್ಪರ್ಶ ಹೋಗುತ್ತೆ, ಕೆಲವರಿಗೆ ನೀವು ಹೇಳಿದ ಹಾಗೆ ಚುಳ್ ಅನ್ನೋ ನೋವು ಬರುತ್ತೆ. ಜನ ಬಾಯಿ ಸೊಟ್ಟ ಆಗಿಲ್ಲವಲ್ಲ, ಸರಿ ಹೋಗುತ್ತೆ ಅಂತ ಕಾಯ್ತಾರೆ. ಅದೇ ಅಪಾಯ.

ಈ ಮಗಳು ಇದನ್ನು ನೆನಪಿಟ್ಟುಕೊಳ್ಳಲಿ: ಕೆಳದವಡೆಗೆ ಕೊಡೋ ಇಂಜೆಕ್ಷನ್ನಿನ ಮರಗಟ್ಟುವಿಕೆ ಸಾಮಾನ್ಯವಾಗಿ ಮೂರರಿಂದ ಐದು ಗಂಟೆಯಲ್ಲಿ ಇಳಿಯುತ್ತೆ. ಮಧ್ಯಾಹ್ನ ಮಾಡಿಸಿದ್ದು ರಾತ್ರಿ ಮಲಗುವಾಗಲೂ ಹಾಗೇ ಇದ್ದರೆ ಅವತ್ತೇ ಡಾಕ್ಟರಿಗೆ ಫೋನ್ ಮಾಡಿ, ಬೆಳಗ್ಗೆ ಹೋಗಿ ತೋರಿಸಿ. ಮತ್ತೆ ಸ್ಕ್ಯಾನ್ ತೆಗೆದು ಇಂಪ್ಲಾಂಟ್ ಕಾಲುವೆಗೆ ತಾಗಿದೆಯಾ ನೋಡಬೇಕು. ತಾಗಿದ್ದರೆ ತೆಗೆಯಬೇಕು, ಇಲ್ಲವೇ ಮೇಲಕ್ಕೆ ತಿರುಗಿಸಬೇಕು. ಮೊದಲ ಒಂದೂವರೆ ದಿನದೊಳಗೆ ಮಾಡಿದರೆ ನರ ಚೇತರಿಸಿಕೊಳ್ಳೋ ಅವಕಾಶ ಜಾಸ್ತಿ. ತಿಂಗಳಾದ ಮೇಲೆ ತೆಗೆದರೆ ಅಷ್ಟು ಉಪಯೋಗ ಆಗಲ್ಲ. ನೀವು ಈಗಲಾದರೂ ಒಬ್ಬ ಬಾಯಿ-ದವಡೆ ಸರ್ಜನ್‌ಗೆ ತೋರಿಸಿ. ದಾವಣಗೆರೆಯಲ್ಲಿ ಬಾಪೂಜಿ, ಕಾಲೇಜ್ ಆಫ್ ಡೆಂಟಲ್ ಸೈನ್ಸಸ್ ಎರಡೂ ಇವೆ, ದೂರ ಹೋಗಬೇಕಿಲ್ಲ. ಚುಳ್ ಅನ್ನೋ ನೋವಿಗೆ ಔಷಧಿಗಳಿವೆ.

ಕೋಟೆ ಊರಿನವನು

ಇಷ್ಟೆಲ್ಲಾ ಸ್ಕ್ಯಾನ್ ಮಾಡಿಸಿದರೆ ರೇಡಿಯೇಷನ್ ಏನೂ ಆಗಲ್ವಾ? ನಮ್ಮ ಮನೆಯಲ್ಲಿ ಅದಕ್ಕೇ ಬೇಡ ಅಂತಾರೆ.

ಸ್ಕ್ಯಾನ್ ರೂಮ್

ಒಪಿಜಿಗಿಂತ ಜಾಸ್ತಿ, ಆಸ್ಪತ್ರೆಯ ಸಿಟಿಗಿಂತ ಸಾಮಾನ್ಯವಾಗಿ ಕಮ್ಮಿ. ಎಷ್ಟು ಅನ್ನೋದು ಎಷ್ಟು ಜಾಗ ಹಿಡಿಯುತ್ತಾರೆ ಅನ್ನೋದರ ಮೇಲೆ ಹೋಗುತ್ತೆ. ಒಂದು ಹಲ್ಲಿನ ಜಾಗಕ್ಕೆ ಇಡೀ ತಲೆ ಸ್ಕ್ಯಾನ್ ಬೇಕಿಲ್ಲ, ಆ ಪಕ್ಕದ ಕೆಳದವಡೆ ಸಾಕು. ಬುಕ್ ಮಾಡುವಾಗಲೇ ಕೇಳಿ, ದುಡ್ಡೂ ಕಮ್ಮಿ ಆಗಬಹುದು. ಗರ್ಭಿಣಿಯಾಗಿದ್ದರೆ ಮೊದಲೇ ಹೇಳಬೇಕು, ತುರ್ತಿಲ್ಲದ್ದನ್ನು ಮುಂದೂಡ್ತೀವಿ.

ರೇಡಿಯೇಷನ್ನಿಗಿಂತ ನಾನು ನೋಡೋ ದೊಡ್ಡ ನಷ್ಟ ಅಂದರೆ ಅಲುಗಾಡಿ ಸ್ಕ್ಯಾನ್ ಹಾಳಾಗೋದು. ಯಂತ್ರ ತಿರುಗೋ ಹತ್ತಿಪ್ಪತ್ತು ಸೆಕೆಂಡ್ ಉಗುಳು ನುಂಗಬಾರದು, ನಾಲಿಗೆ ಆಡಿಸಬಾರದು. ಅಲುಗಾಡಿದ ಸ್ಕ್ಯಾನಿನಲ್ಲಿ ಮೂಳೆಯ ಅಂಚು ಎರಡೆರಡು ಗೆರೆಯಾಗಿ ಕಾಣುತ್ತೆ. ಅಂಥದ್ದರಲ್ಲಿ ದಶಾಂಶದ ಅಳತೆ ಬರೆಯೋದೇ ತಪ್ಪು. ಕಿವಿ ಓಲೆ, ಮೂಗುತಿ, ತೆಗೆದು ಹಾಕೋ ಹಲ್ಲಿನ ಸೆಟ್ ಎಲ್ಲಾ ತೆಗೆದಿರಬೇಕು. ಪಕ್ಕದ ಹಲ್ಲಿಗೆ ಲೋಹದ ಕ್ಯಾಪ್ ಇದ್ದರೆ ಅದರಿಂದ ಬಿಳಿ, ಕಪ್ಪು ಪಟ್ಟೆ ಹರಡಿ ತುದಿಯ ಮೂಳೆ ಇದ್ದರೂ ಇಲ್ಲದ ಹಾಗೆ ಕಾಣಬಹುದು.

ಪಿಜೆ ಬಡಾವಣೆ ಮಗಳು

ಮತ್ತೆ ಬಂದೆ. ಶೀಟ್ ತಗೊಂಡು ಡಾಕ್ಟರ ಹತ್ತಿರ ಹೋಗಿ ನೀವು ಹೇಳಿದ್ದನ್ನೆಲ್ಲಾ ಒಂದೊಂದಾಗಿ ಕೇಳಿದೆ. ಬೇಜಾರು ಮಾಡಿಕೊಳ್ಳಲಿಲ್ಲ, ಫೈಲ್ ಕಂಪ್ಯೂಟರಿನಲ್ಲಿ ತೆಗೆದು ಅಮ್ಮನ ಮುಂದೆಯೇ ತೋರಿಸಿದರು. ಕಾಲುವೆಯ ಮೇಲಂಚು ಚೆನ್ನಾಗಿ ಕಂಡಿತು. ಎತ್ತರದ ಗೆರೆ ಅದರ ತನಕವೇ ಇತ್ತು, ಚುಕ್ಕೆ ಮಾತ್ರ ಸ್ವಲ್ಪ ಮೇಲೆ ಸರಿದಿತ್ತು. ಆದರೆ ಗದ್ದ ಎದ್ದಿದ್ದು ನಿಜ. ದವಡೆ ನೇರ ಮಾಡಿ ಮತ್ತೆ ಅಳೆದಾಗ 12.6 ಇದ್ದದ್ದು 12.2 ಆಯ್ತು. ಅಗಲ ಮೊದಲಿನ ಹಾಗೇ, 2.5 ಕೆಳಗೆ 6.2. ನಾನೇ ಲೆಕ್ಕ ಹಾಕಿದೆ, 12.2ರಲ್ಲಿ 2.5 ಹೋದರೆ 9.7, ಅದರಲ್ಲಿ 2 ಹೋದರೆ 7.7. ಅಂದರೆ 8ರದ್ದು ಕೂರಲ್ಲ ಅಲ್ವಾ?

ಡಾಕ್ಟರ್ ಎರಡು ದಾರಿ ಹೇಳಿದರು. ಒಂದು, ಚೂಪು ತುದಿ ಸಮ ಮಾಡಿ 6 ಅಥವಾ 7ರದ್ದು ಹಾಕೋದು. ಇನ್ನೊಂದು, ತುದಿಯನ್ನು ಹಾಗೇ ಬಿಟ್ಟು ಕೆನ್ನೆ ಕಡೆ ಮೂಳೆ ಪುಡಿ ಸೇರಿಸಿ ಅಗಲ ಮಾಡಿ, ಐದಾರು ತಿಂಗಳು ಬಿಟ್ಟು 8ರದ್ದು ಹಾಕೋದು. ಯಾವುದು ಅಂತ ನಮ್ಮನ್ನೇ ಕೇಳ್ತಿದ್ದಾರೆ.

ಹೊಳಲ್ಕೆರೆ ದಂತವೈದ್ಯೆ

ನಿಮ್ಮ ಲೆಕ್ಕ ಸರಿ. ನಾನಾದರೆ ಮೊದಲನೇದು. ಅಮ್ಮನವರಿಗೆ ಇನ್ನೊಂದು ಆಪರೇಷನ್ ಇಲ್ಲ, ತಿಂಗಳುಗಟ್ಟಲೆ ಕಾಯೋದಿಲ್ಲ. 7ರದ್ದನ್ನು ಸ್ಟಾಪರ್ ಹಾಕಿದ ಡ್ರಿಲ್ಲಿನಲ್ಲಿ ಹಾಕಿದರೆ ನರದ ಮೇಲೆ 2.7 ಉಳಿಯುತ್ತೆ, ಡ್ರಿಲ್ ಮೂತಿಗೂ ಜಾಗ ಇದೆ. ಮೂಳೆ ಪುಡಿ ಸೇರಿಸಿದ್ದು ಪೂರ್ತಿ ಉಳಿಯುತ್ತೆ ಅಂತ ಯಾರೂ ಬರೆದುಕೊಡಲ್ಲ, ಸ್ವಲ್ಪ ಕರಗೇ ಕರಗುತ್ತೆ.

ಸ್ಕ್ಯಾನ್ ರೂಮ್

ನನಗೆ ಅಷ್ಟು ಸುಲಭ ಅನಿಸಲ್ಲ ಮೇಡಂ. ತುದಿ ಸಮ ಮಾಡಿದರೆ ಇಂಪ್ಲಾಂಟ್ 2.5 ಮಿ.ಮೀ. ಕೆಳಗೆ ಹೋಯ್ತು, ಮೇಲಿನ ಹಲ್ಲಿನ ತನಕ ಕ್ಯಾಪ್ ಅಷ್ಟು ಉದ್ದ ಆಗುತ್ತೆ. ಕೆಳಗೆ 7, ಮೇಲೆ ಅದಕ್ಕಿಂತ ಉದ್ದದ ಕ್ಯಾಪ್. ಪಕ್ಕದ ಹಲ್ಲಿನ ಮೂಳೆ ಎತ್ತರದಲ್ಲಿ, ಇದು ತಗ್ಗಿನಲ್ಲಿ, ನಡುವೆ ಊಟ ಸಿಕ್ಕಿಕೊಳ್ಳೋ ಸಂದು. ಅಮ್ಮನವರಿಗೆ ರಾತ್ರಿ ಹಲ್ಲು ಕಡಿಯೋ ಅಭ್ಯಾಸ ಇದೆಯಾ? ಇದ್ದರೆ ನಾನು ಎರಡನೇದರ ಕಡೆ ವಾಲ್ತೀನಿ.

ಯಾವುದೇ ಆಗಲಿ, ಒಂದನ್ನು ಡಾಕ್ಟರ ಹತ್ತಿರ ಕೇಳಿ. ಅಳತೆ ನೇರ ಕೆಳಕ್ಕೆ ಎಳೆದದ್ದಾ, ಇಲ್ಲ ಇಂಪ್ಲಾಂಟ್ ಕೂರೋ ಓರೆಯಲ್ಲಿ ಎಳೆದದ್ದಾ ಅಂತ. ಕೆಳದವಡೆಯ ಹಿಂಭಾಗದಲ್ಲಿ ನಾಲಿಗೆ ಕಡೆ ಮೂಳೆ ಒಳಕ್ಕೆ ತಗ್ಗಾಗಿರುತ್ತೆ, L ಕಡೆ ನೋಡಿದರೆ ನಿಮಗೂ ಕಾಣುತ್ತೆ. ಡ್ರಿಲ್ ಆ ಕಡೆ ವಾಲಿದರೆ ನರ ತಪ್ಪಿದರೂ ಮೂಳೆಯಿಂದ ಹೊರಗೆ ಹೋಗಿ ನಾಲಿಗೆಯ ಕೆಳಗಿನ ರಕ್ತನಾಳಕ್ಕೆ ತಾಗಬಹುದು. ಅಲ್ಲಿ ರಕ್ತ ತುಂಬಿ ಬಾತುಕೊಂಡರೆ ಉಸಿರಿಗೇ ತೊಂದರೆ. ಚಿಕ್ಕ ಇಂಪ್ಲಾಂಟಿಗೆ ಆ ಭಯ ಕಮ್ಮಿ, ಅಷ್ಟರ ಮಟ್ಟಿಗೆ ಹೊಳಲ್ಕೆರೆ ಮೇಡಂ ಮಾತು ಒಪ್ಪುತ್ತೇನೆ.

ಪಿಜೆ ಬಡಾವಣೆ ಮಗಳು

ಹಲ್ಲು ಕಡಿತಾರೆ ಸರ್, ಅಪ್ಪ ಯಾವಾಗಲೂ ಹೇಳ್ತಾರೆ. ಅದನ್ನು ಡಾಕ್ಟರಿಗೆ ನಾವು ಹೇಳಿರಲಿಲ್ಲ, ಅವರೂ ಕೇಳಲಿಲ್ಲ. ಮುಂದಿನ ಸಲ ಹೋದಾಗ ಇದನ್ನೂ, ಆ ಓರೆಯ ಅಳತೆಯನ್ನೂ ಕೇಳ್ತೀನಿ.

ಹೊಳಲ್ಕೆರೆ ದಂತವೈದ್ಯೆ

ಹಲ್ಲು ಕಡಿಯೋದಾದರೆ ನಾನೂ ಇನ್ನೊಮ್ಮೆ ಯೋಚಿಸ್ತೀನಿ. ಉಳಿದ ಹಲ್ಲು ಎಷ್ಟು ಸವೆದಿವೆ ನೋಡೋಕೆ ಹೇಳಿ. ಯಾವ ದಾರಿ ಹಿಡಿದರೂ ಕ್ಯಾಪ್ ಹಾಕಿದ ಮೇಲೆ ರಾತ್ರಿ ಹಾಕಿಕೊಳ್ಳೋ ಗಾರ್ಡ್ ಒಂದು ಮಾಡಿಸಿಬಿಡಿ.